2036ರ ಒಂದು ಹಾಳೆ: ಅಧಿಸೂಚನೆ ನಿಂತಾಗ ಏನನ್ನು ತಿದ್ದಬೇಕು?

ಪ್ರಶ್ನೆ: ನಾನು ಯಲಬುರ್ಗಾ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 26. ಕೊಪ್ಪಳದಲ್ಲಿ ಬಿ.ಕಾಂ. ಮುಗಿಸಿ, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎರಡು ವರ್ಷ ಕೋಚಿಂಗ್‌ಗೆ ಹೋದೆ. ಅಲ್ಲಿ ಸರ್ ಒಬ್ಬರು ‘ಹತ್ತು ವರ್ಷದ ನಂತರ ನಾನು’ ಎಂದು ಎಲ್ಲರಿಂದಲೂ ಒಂದು ಹಾಳೆ ಬರೆಸಿದ್ದರು. ‘2033: ಪಿಡಿಒ ಆಗಿ, ಕೆಎಎಸ್ ಕೂಡ ಪಾಸಾಗಿರುತ್ತೇನೆ’ ಎಂದು ಬರೆದು ಗೋಡೆಗೆ ಹಚ್ಚಿದ್ದೆ. ಅಜ್ಜಿಯ ಪಿಂಚಣಿ ಕಾಗದಕ್ಕೆ ಪಂಚಾಯಿತಿಗೆ ಅಲೆದು ಅಲೆದು ನನಗೆ ಆ ಹುದ್ದೆಯ ಹುಚ್ಚು ಹಿಡಿದಿತ್ತು. 2024ರ ಪಿಡಿಒ ಪರೀಕ್ಷೆ ಬರೆದೆ, ಆಗಲಿಲ್ಲ. ಅಷ್ಟರಲ್ಲಿ ಹೊಸ ನೇಮಕಾತಿಯೇ ನಿಂತಿತು. ಈಗ ಗಂಗಾವತಿಯ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೇಸಿಗೆ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ, ಮಿಲ್ಲಿನಲ್ಲೂ ಕೆಲಸ ಕಡಿಮೆ. ಮನೆಯಲ್ಲಿ ಕುಷ್ಟಗಿ ಕಡೆಯ ಸಂಬಂಧ ನೋಡುತ್ತಿದ್ದಾರೆ. ಇಂಥದರಲ್ಲಿ ಹತ್ತು ವರ್ಷದ್ದು ಬರೆದು ಏನು ಉಪಯೋಗ? ಬರೆದರೂ ಯಾವಾಗ ತಿದ್ದಬೇಕು? ಬರೆದದ್ದನ್ನು ಮನೆಯವರಿಗೆ ತೋರಿಸಬೇಕೇ?
– ಹೆಸರು ಬೇಡ

ಉತ್ತರ: ಗೋಡೆಯ ಹಾಳೆ ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಇದ್ದದ್ದು ಹುದ್ದೆಯ ಹೆಸರು ಮತ್ತು ಇಸವಿ, ಅಷ್ಟೇ. ಆ ಹುದ್ದೆಗೆ ಬಾಗಿಲು ಎಷ್ಟು ಸಲ ತೆರೆಯುತ್ತದೆ ಎನ್ನುವುದನ್ನು ಬರೆಸಿದವರೂ ಕೇಳಲಿಲ್ಲ, ಬರೆದವರೂ ಕೇಳಲಿಲ್ಲ. ಮೊದಲು ಅದನ್ನೇ ನೋಡೋಣ.

ನೀವು ಬರೆದ 2024ರ ಪಿಡಿಒ ನೇಮಕಾತಿಯಲ್ಲಿ ಇದ್ದದ್ದು 247 ಹುದ್ದೆ. ಅದರಲ್ಲಿ 97 ಕಲ್ಯಾಣ ಕರ್ನಾಟಕಕ್ಕೆ ಮೀಸಲು. ಅದಕ್ಕೂ ಹಿಂದಿನ ದೊಡ್ಡ ನೇಮಕಾತಿ 2016ರದು. ನಡುವೆ ಎಂಟು ವರ್ಷ. ಅಂದರೆ ಹತ್ತು ವರ್ಷದ ಹಾಳೆಯೊಂದರಲ್ಲಿ ಈ ಬಾಗಿಲು ಒಂದು ಸಲ, ಪುಣ್ಯವಿದ್ದರೆ ಎರಡು ಸಲ ತೆರೆಯುತ್ತದೆ. ತೆರೆದ ಬಾಗಿಲೂ ಸರಿಯಾಗಿ ತೆರೆದಿರುತ್ತದೆ ಎನ್ನುವ ಹಾಗಿಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಆಗಿ, ಪ್ರಶ್ನೆಗಳ ಕನ್ನಡ ಅನುವಾದದ ತಪ್ಪಿನಿಂದ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಇನ್ನು 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಹೊರಡಿಸುವುದು ಬೇಡ ಎಂದು ಸಚಿವ ಸಂಪುಟ ನಿರ್ಧರಿಸಿತು. ಸಂಪುಟ ಒಳಮೀಸಲಾತಿ ಹಂಚಿಕೆಗೆ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಆ ತೀರ್ಮಾನ ಬಹಳ ಕಾಲದಿಂದ ಬಾಕಿ ಇತ್ತು, ಅದರ ಸರಿತಪ್ಪು ಇಲ್ಲಿನ ಮಾತಲ್ಲ. ಪರೀಕ್ಷೆಗೆ ಓದುವವರ ವಯಸ್ಸು ಮಾತ್ರ ಆ ಹತ್ತು ತಿಂಗಳು ನಿಲ್ಲಲಿಲ್ಲ.

ಹೀಗಿರುವಾಗ ‘ಇನ್ನೊಂದ್ ಅಟೆಂಪ್ಟ್ ನೋಡ್ತೀನ್ರೀ’ ಎನ್ನುವ ಮಾತು ಸಣ್ಣದಾಗಿ ಕೇಳಿಸುತ್ತದೆ, ಲೆಕ್ಕ ಹಾಕಿದರೆ ಅದು ಮೂರೋ ನಾಲ್ಕೋ ವರ್ಷ. ಅದಕ್ಕೇ ನಿಮ್ಮ ಹಾಳೆಯಲ್ಲಿ ಹುದ್ದೆಯ ಹೆಸರು ಕೆಳಗಿನ ಸಾಲಿಗೆ ಇಳಿಯಬೇಕು. ಅಲ್ಲಿ ಅದು ಇರಲಿ, ಹೊಡೆದುಹಾಕಬೇಡಿ.

ಮೇಲೆ ಏನಿರಬೇಕು? 2036ರ ಒಂದು ಸಾಮಾನ್ಯ ಕೆಲಸದ ದಿನ ಇರಬೇಕು. ನೀವು ಎಲ್ಲಿ ಕೂತಿದ್ದೀರಿ, ನಿಮ್ಮ ಮುಂದೆ ಏನಿದೆ, ಯಾರು ಬಂದು ಏನು ಕೇಳುತ್ತಾರೆ, ಯಾವ ಕೆಲಸ ಮುಗಿದರೆ ಸಂಜೆ ಸಮಾಧಾನ ಆಗುತ್ತದೆ. ಹುದ್ದೆಯ ಹೆಸರು ಬಳಸದೆ ಇದನ್ನು ಬರೆಯಬೇಕೆನ್ನುವುದು ನಾನು ಹಾಕುವ ಒಂದೇ ಷರತ್ತು. ಕಷ್ಟವಾಗುತ್ತದೆ, ಗೊತ್ತು. ಇಂಥ ಹಾಳೆ ಬರೆಯಲು ಕೂತವರಲ್ಲಿ ಬಹಳ ಮಂದಿ ಕಾರು, ಕೆಂಪು ದೀಪ, ಊರಲ್ಲಿ ಸನ್ಮಾನ ಬರೆದು ಮುಗಿಸುತ್ತಾರೆ. ಆ ಕುರ್ಚಿಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಪೆನ್ನು ನಿಲ್ಲುತ್ತದೆ. ನಿಮ್ಮ ಪೆನ್ನು ನಿಲ್ಲಬೇಕಾಗಿಲ್ಲ, ಏಕೆಂದರೆ ನಿಮ್ಮ ಪತ್ರದಲ್ಲೇ ಉತ್ತರ ಇದೆ. ಅಜ್ಜಿಯ ಕಾಗದ. ಜನರ ದುಡ್ಡಿನ ಕಾಗದ ಸರಿಯಾಗಿದ್ದರೆ ಒಬ್ಬ ಮುದುಕಿ ಬಸ್ ಹಿಡಿದು ಮೂರು ಸಲ ಬರುವುದು ತಪ್ಪುತ್ತದೆ ಎಂದು ನೀವು ಕಣ್ಣಾರೆ ಕಂಡಿದ್ದೀರಿ. ನಿಮಗೆ ಬೇಕಾಗಿರುವುದು ಆ ಕೆಲಸ. ಪಿಡಿಒ ಅದಕ್ಕೆ ಇರುವ ದಾರಿಗಳಲ್ಲಿ ಒಂದು.

ಎರಡನೆಯ ಭಾಗ, ಬಿಡಲಾಗದ್ದು. ಇಲ್ಲಿ ಮೂರು ನಾಲ್ಕು ಸಾಲು ಸಾಕು, ಆದರೆ ಅಂಕಿ ಇರಬೇಕು. ‘ಒಳ್ಳೆ ಸಂಬಳ’ ಎಂದು ಬರೆದರೆ ಮುಂದೆ ಯಾವ ಸಂಬಳವೂ ಒಳ್ಳೆಯದಾಗಿ ಕಾಣಬಹುದು, ಯಾವುದೂ ಸಾಲದೆಯೂ ಇರಬಹುದು. ಇಂದಿನ ಬೆಲೆಯಲ್ಲಿ ತಿಂಗಳಿಗೆ ಇಷ್ಟು ಎಂದು ಬರೆಯಿರಿ. ಮನೆಯಿಂದ ಎಷ್ಟು ದೂರ, ರಾತ್ರಿ ಎಷ್ಟು ಗಂಟೆಗೆ ವಾಪಸ್, ಸಂಬಳ ಯಾರ ಖಾತೆಗೆ, ಇವೂ ಇಲ್ಲಿ ಬರುತ್ತವೆ. ಕೊನೆಯದನ್ನು ಹುಡುಗಿಯರಿಗೆ ನಾನು ಒತ್ತಿ ಹೇಳುತ್ತೇನೆ, ಅದಕ್ಕೆ ಕಾರಣ ವಿವರಿಸಬೇಕಾಗಿಲ್ಲ.

ಮೂರನೆಯದು ಈಗಿನ ದಾರಿ. ಮುಂದಿನ ಎರಡು ವರ್ಷಕ್ಕಷ್ಟೇ ಬರೆಯಿರಿ. ಹತ್ತು ವರ್ಷದ ದಾರಿಯನ್ನು ಇಸವಿ ಇಸವಿಯಾಗಿ ಬರೆದವರ ಹಾಳೆ ಎರಡನೇ ವರ್ಷಕ್ಕೇ ಸುಳ್ಳಾಗುತ್ತದೆ, ಆಮೇಲೆ ಅವರು ಹಾಳೆಯನ್ನೇ ನಂಬುವುದಿಲ್ಲ.

ನಾಲ್ಕನೆಯ ಭಾಗ ನಿಮ್ಮ ಗೋಡೆಯ ಹಾಳೆಯಲ್ಲಿ ಇರಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ, ಯಾವಾಗ ತಿದ್ದಬೇಕು ಎನ್ನುವುದಕ್ಕೆ, ಉತ್ತರ ಅಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಜೇಮ್ಸ್ ಡ್ಯೂಅರ್ ಮತ್ತು ಸಂಗಡಿಗರು ಅಲ್ಲಿನ ಸೇನೆಗಾಗಿ ಒಂದು ಯೋಜನಾ ಕ್ರಮ ರೂಪಿಸಿದರು. ಮುಂದೆ ಏನಾಗುತ್ತದೆ ಎಂದು ಊಹಿಸುವ ಗೋಜಿಗೆ ಅದು ಹೆಚ್ಚು ಹೋಗುವುದಿಲ್ಲ. ಈಗಾಗಲೇ ಇರುವ ಯೋಜನೆಯನ್ನು ಎದುರಿಗೆ ಇಟ್ಟುಕೊಂಡು, ಇದು ಯಾವ ಯಾವ ನಂಬಿಕೆಗಳ ಮೇಲೆ ನಿಂತಿದೆ ಎಂದು ಹುಡುಕುತ್ತದೆ. ಆ ನಂಬಿಕೆಗಳಲ್ಲಿ ಯಾವುದು ಸುಳ್ಳಾದರೆ ಯೋಜನೆಯೇ ಬೀಳುತ್ತದೆ, ಅದು ಸುಳ್ಳಾಗುತ್ತಿದೆ ಎಂದು ಮುಂಚಿತವಾಗಿ ತಿಳಿಸುವ ಗುರುತು ಯಾವುದು, ಎಂದು ಮುಂದಕ್ಕೆ ಹೋಗುತ್ತದೆ. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಹತ್ತುತ್ತದೆ: ಪಡಸಾಲೆಯ ಎಲ್ಲ ಕಂಬಗಳೂ ಒಂದೇ ಭಾರ ಹೊತ್ತಿರುವುದಿಲ್ಲ, ಯಾವುದಕ್ಕೆ ಗೆದ್ದಲು ಹತ್ತಿದರೆ ಮಾಳಿಗೆ ಇಳಿಯುತ್ತದೆ ಎಂದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ.

ನಿಮ್ಮ ಹಾಳೆಯ ಕಂಬಗಳನ್ನೂ ಹಾಗೆ ಎಣಿಸಿ. ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಪಕ್ಕದಲ್ಲಿ ಒಂದು ಗುರುತು ಬರೆಯಿರಿ, ಅದು ಬೇರೆಯವರು ನೋಡಿದರೂ ಹೌದು ಇಲ್ಲ ಎಂದು ಹೇಳುವಂತಿರಬೇಕು. ಆದಷ್ಟೂ ತಾರೀಖು ಹಾಕಿ.

ಇಲ್ಲಿ ಒಂದು ಎಚ್ಚರ. ಸರ್ಕಾರಿ ನೌಕರಿಯ ಕಂಬ ಅಲುಗಾಡಿತು ಎಂದು ಮಿಲ್ಲಿನ ಕೆಲಸವನ್ನು ಗಟ್ಟಿ ಎಂದುಕೊಂಡವರು ನಿಮ್ಮ ಹಾಗೆ ಗಂಗಾವತಿ, ಕಾರಟಗಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಡದಂಡೆ ಕಾಲುವೆ, ಸೋನಾ ಮಸೂರಿ, ವರ್ಷಕ್ಕೆ ಎರಡು ಬೆಳೆ, ಇವು ಹುಟ್ಟಿದಾಗಿನಿಂದ ಇರುವುದರಿಂದ ಮುಂದೆಯೂ ಇರುತ್ತವೆ ಎನಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ದೊಡ್ಡ ಸಾಹಸ, ಆ ವರ್ಷದ ಬೆಳೆಯೂ ಉಳಿಯಿತು. ಆದರೆ ಹಳೆಯ ಗೇಟುಗಳನ್ನು ಬದಲಿಸಲೇಬೇಕಾಯಿತು, ಅದಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. ಗೇಟು ಹೊಸದಾದರೆ ಆ ತೊಂದರೆ ತೀರುತ್ತದೆ. ತೀರದ ಇನ್ನೊಂದು ಇದೆ: ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ 105.788 ಟಿಎಂಸಿ ಹಿಡಿಯುತ್ತದೆ. ಮಳೆ ಚೆನ್ನಾದ ವರ್ಷ ಇದು ಕಾಣುವುದಿಲ್ಲ, 2023ರಂಥ ಬರಗಾಲದಲ್ಲಿ ಕಾಣುತ್ತದೆ. ಭತ್ತ ಬರದ ಬೇಸಿಗೆಯಲ್ಲಿ ಮಿಲ್ಲಿನಲ್ಲಿ ಮೊದಲು ಹಮಾಲರ ಸಂಖ್ಯೆ ಇಳಿಯುತ್ತದೆ, ಆಮೇಲೆ ಗುಮಾಸ್ತರದು. ಹಾಗಾಗಿ ಮಿಲ್ ಕೆಲಸವೂ ಒಂದು ಕಂಬ ಎಂದು ಬರೆದು, ಅದಕ್ಕೂ ಒಂದು ಗುರುತು ಹಾಕಿ.

ಎಲ್ಲ ಸೇರಿಸಿ ನಿಮ್ಮ ಹಾಳೆ ಹೇಗಿರಬಹುದೆಂದು ಬರೆದು ನೋಡಿದೆ. ಅಂಕಿಗಳು ನಾನು ಹಾಕಿದವು, ನಿಮ್ಮವನ್ನು ನೀವು ಹಾಕಿಕೊಳ್ಳಿ.

‘ಜೂನ್ 2036. ನನಗೆ 36. ಕೊಪ್ಪಳ ಜಿಲ್ಲೆಯಲ್ಲೇ ಇದ್ದೇನೆ. ಹಳ್ಳಿಯವರ ದುಡ್ಡಿನ ಲೆಕ್ಕ ಇಡುವುದು, ಅದು ತಪ್ಪಿದಲ್ಲಿ ಹುಡುಕಿ ಸರಿಮಾಡುವುದು ನನ್ನ ಕೆಲಸ. ಹೆಚ್ಚು ದಿನ ಮೇಜಿನ ಮುಂದೆ, ತಿಂಗಳಲ್ಲಿ ಕೆಲವು ದಿನ ಊರೂರಿಗೆ ಹೋಗಿ ಪುಸ್ತಕ ನೋಡುತ್ತೇನೆ. ನಾನು ಸಹಿ ಹಾಕಿದ್ದು ಆಡಿಟ್‌ನಲ್ಲಿ ವಾಪಸ್ ಬರುವುದಿಲ್ಲ. ಕೇಳಲು ಬಂದವರಿಗೆ ಅವರ ದುಡ್ಡು ಎಲ್ಲಿ ನಿಂತಿದೆ ಎಂದು ಅವತ್ತೇ ಹೇಳುತ್ತೇನೆ. ಇಬ್ಬರು ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾರೆ.

‘ಬಿಡಲಾಗದ್ದು: ರಾತ್ರಿ ಮನೆಗೆ ಬರುವಷ್ಟು ದೂರದ ಕೆಲಸ. ಇಂದಿನ ಬೆಲೆಯಲ್ಲಿ ತಿಂಗಳಿಗೆ 35 ಸಾವಿರಕ್ಕೆ ಕಡಿಮೆ ಇಲ್ಲ. ಸಂಬಳ ನನ್ನ ಖಾತೆಗೆ. ಮದುವೆಯಾದ ಮೇಲೂ ಕೆಲಸ.

‘ಈಗಿನ ದಾರಿ, 2028ರವರೆಗೆ: ಮಿಲ್ಲಿನಲ್ಲಿ ಇದ್ದುಕೊಂಡೇ ಬೆಳಿಗ್ಗೆ ಎರಡು ಗಂಟೆ ಓದು. ಪಿಡಿಒ ಮತ್ತು ಲೆಕ್ಕಕ್ಕೆ ಸಂಬಂಧಿಸಿದ ಹುದ್ದೆಗಳಿಗೆ ಮಾತ್ರ ಅರ್ಜಿ. ಜಿಎಸ್‌ಟಿ ರಿಟರ್ನ್ ಕೆಲಸ ಪೂರ್ತಿ ಕಲಿಯುವುದು.

‘ಕಂಬಗಳು: ಒಂದು, ನನಗೆ ಹೊಂದುವ ಅಧಿಸೂಚನೆ 2028ರ ಡಿಸೆಂಬರ್ 31ರೊಳಗೆ ಬರುತ್ತದೆ. ಬರದಿದ್ದರೆ ಬಿದ್ದಂತೆ. ಎರಡು, ಮಿಲ್ ಕೆಲಸ ಅಲ್ಲಿಯವರೆಗೆ ಉಳಿಯುತ್ತದೆ. ಸಂಬಳ ಸತತ ಎರಡು ತಿಂಗಳು ತಡವಾದರೆ ಅಥವಾ ಸತತ ಎರಡು ವರ್ಷ ಬೇಸಿಗೆ ಬೆಳೆ ಇಲ್ಲದಿದ್ದರೆ ಬಿದ್ದಂತೆ. ಮೂರು, ಮದುವೆಯಾದ ಮನೆಯಲ್ಲಿ ಕೆಲಸಕ್ಕೆ ಅಡ್ಡಿ ಇಲ್ಲ. ನಿಶ್ಚಿತಾರ್ಥಕ್ಕೆ ಮೊದಲು ನೇರ ಉತ್ತರ ಸಿಗದಿದ್ದರೆ ಬಿದ್ದಂತೆ. ನಾಲ್ಕು, ಲೆಕ್ಕದ ಕೆಲಸ ನನಗೆ ಹಿಡಿಸುತ್ತದೆ. ಸತತ ಎರಡು ಮಾರ್ಚ್ ಕ್ಲೋಸಿಂಗ್ ಆದ ಮೇಲೂ ಬರೀ ಬೇಸರವೇ ಇದ್ದರೆ ಬಿದ್ದಂತೆ.’

ಇಷ್ಟು ಒಂದು ಹಾಳೆಯ ಒಂದು ಮಗ್ಗುಲಿಗೆ ಹಿಡಿಯುತ್ತದೆ. ಹಿಡಿಯದಿದ್ದರೆ ‘ಈಗಿನ ದಾರಿ’ಯನ್ನು ಉದ್ದ ಬರೆದಿದ್ದೀರಿ ಎಂದು ಅರ್ಥ, ಸಾಮಾನ್ಯವಾಗಿ ಬೆಳೆಯುವುದು ಅದೇ.

ಒಳ್ಳೆಯ ಹಾಳೆಯಲ್ಲಿ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ದಾರಿ ಆಗಾಗ ಬದಲಾಗುತ್ತದೆ. ಬಿಡಲಾಗದ್ದು ಮದುವೆ, ಮಗು, ತಂದೆತಾಯಿಯ ಕಾಯಿಲೆಯಂಥ ಸಂದರ್ಭದಲ್ಲಿ ಬದಲಾಗುತ್ತದೆ. ಮೇಲಿನ ದಿನದ ಚಿತ್ರ ಬಹಳ ಅಪರೂಪಕ್ಕೆ. ಏನೋ ಆಯಿತು ಎಂದು ತಿದ್ದಲು ಕೂತಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಯಾವ ಭಾಗಕ್ಕೆ ತಗುಲಿತು ಎಂದು. ಅಧಿಸೂಚನೆ ನಿಂತಾಗ ನಿಮಗೆ ಇಡೀ ಹಾಳೆಯೇ ಹರಿದಂತೆ ಅನ್ನಿಸಿತು, ಏಕೆಂದರೆ ಅದರಲ್ಲಿ ಇದ್ದದ್ದು ದಾರಿ ಮಾತ್ರ. ಈ ಹೊಸ ಹಾಳೆಯಲ್ಲಿ ಅದು ಮೂರನೇ ಭಾಗದ ಒಂದು ಸಾಲನ್ನು ಹೊಡೆಯುತ್ತದೆ, ಅಷ್ಟೇ.

ನಿಮ್ಮ ಕುಷ್ಟಗಿ ಸಂಬಂಧವನ್ನೇ ತೆಗೆದುಕೊಳ್ಳೋಣ. 2027ರಲ್ಲಿ ಮದುವೆಯಾಗಿ ಕುಷ್ಟಗಿಗೆ ಹೋದಿರಿ ಎಂದಿಟ್ಟುಕೊಳ್ಳಿ. ಮೇಲಿನ ಚಿತ್ರಕ್ಕೆ ಏನೂ ಆಗಿಲ್ಲ, ಕುಷ್ಟಗಿಯೂ ಕೊಪ್ಪಳ ಜಿಲ್ಲೆಯೇ. ಬಿಡಲಾಗದ್ದರಲ್ಲಿ ‘ರಾತ್ರಿ ಮನೆಗೆ’ ಎನ್ನುವುದು ಉಳಿದಿದೆ, ಆದರೆ ಮನೆ ಬದಲಾಗಿದೆ. ಹಾಗಾಗಿ ಗಂಗಾವತಿಯ ಮಿಲ್ ಬಿಡಬೇಕಾಗುತ್ತದೆ, ಎರಡನೇ ಕಂಬ ಬಿತ್ತು. ಈಗ ಹೊಸ ದಾರಿಯನ್ನು ಹುಡುಕಬೇಕು, ಆದರೆ ಖಾಲಿ ಕೈಯಲ್ಲಿ ಅಲ್ಲ. ಮಿಲ್ಲಿನಲ್ಲಿ ನೀವು ಕಲಿತದ್ದನ್ನು ಎಣಿಸಿ ನೋಡಿ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು, ಅದರ ಮೇಲಿನ ತೂಕಕ್ಕೆ ಇರಲಿಲ್ಲ. ಮಾರುಕಟ್ಟೆಗೆ 26 ಕಿಲೋ ಚೀಲ ಬಂದದ್ದು ಯಾಕೆ ಎಂದು ಅಕ್ಕಿ ಕೊಳ್ಳುವವರಿಗೆ ಗೊತ್ತಿಲ್ಲ, ಲೆಕ್ಕ ಬರೆದ ನಿಮಗೆ ಗೊತ್ತಿದೆ. ಇಂಥ ತಿಳಿವಳಿಕೆಗೆ ಕುಷ್ಟಗಿಯಲ್ಲೂ ಗಿರಾಕಿ ಇದ್ದಾರೆ.

ಬಿ.ಕಾಂ. ಆದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಬಹುದು, ಇದು ಒಂದು ದಾರಿ. ಕೃಷಿ ಪತ್ತಿನ ಸಹಕಾರ ಸಂಘ ಇನ್ನೊಂದು. ಮೂರನೆಯದು ರೈತ ಉತ್ಪಾದಕರ ಕಂಪನಿ, ಕುಷ್ಟಗಿ ಕಡೆ ದಾಳಿಂಬೆ ಇರುವುದರಿಂದ ನನ್ನ ಕಣ್ಣು ಇದರ ಮೇಲೆ ಹೋಯಿತು. ನಿಮ್ಮ ಹಾಳೆಯ ಮೇಲಿನ ಚಿತ್ರಕ್ಕೆ ಇದು ಪಿಡಿಒ ಹುದ್ದೆಯಷ್ಟೇ ಹತ್ತಿರ: ಹಳ್ಳಿಯವರ ದುಡ್ಡು, ಅದರ ಲೆಕ್ಕ, ಕೇಳಲು ಬರುವ ಸದಸ್ಯರು. ಆದರೆ ಇಲ್ಲಿಯೂ ಕಂಬ ಹುಡುಕಿ. 2020ರಲ್ಲಿ ಶುರುವಾದ ಕೇಂದ್ರದ ಹತ್ತು ಸಾವಿರ ಕಂಪನಿಗಳ ಯೋಜನೆಯಲ್ಲಿ ಒಂದು ಕಂಪನಿಗೆ ನಿರ್ವಹಣೆಗೆಂದು ಮೂರು ವರ್ಷಕ್ಕೆ ಹೆಚ್ಚೆಂದರೆ 18 ಲಕ್ಷ ರೂಪಾಯಿ ಸಿಗುತ್ತದೆ. ಮುಖ್ಯ ಕಾರ್ಯನಿರ್ವಾಹಕರ ಸಂಬಳ, ಲೆಕ್ಕಿಗರ ಸಂಬಳ ಅದರಲ್ಲೇ ಬರುತ್ತವೆ. ಮೂರು ವರ್ಷ ಮುಗಿದ ಮೇಲೆ ಕಂಪನಿಯ ವ್ಯಾಪಾರವೇ ಸಂಬಳ ಕೊಡಬೇಕು. ಸೇರುವ ಮೊದಲು ನಿಮ್ಮ ವಿದ್ಯೆಯನ್ನು ಅಲ್ಲೇ ಬಳಸಿ: ಹಿಂದಿನ ವರ್ಷದ ಲೆಕ್ಕಪತ್ರ ಕೇಳಿ ತೆಗೆದುಕೊಳ್ಳಿ, ಅನುದಾನ ಬಿಟ್ಟು ಮಾರಾಟದಿಂದ ಎಷ್ಟು ಉಳಿದಿದೆ ನೋಡಿ, ಆ ಉಳಿಕೆ ನಿಮ್ಮ ಒಂದು ವರ್ಷದ ಸಂಬಳವನ್ನು ಹೊರುತ್ತದೆಯೇ ನೋಡಿ. ಹೊರದಿದ್ದರೆ ಆ ಕೆಲಸ ಅನುದಾನ ಮುಗಿಯುವವರೆಗೆ ಮಾತ್ರ. ಆಗಲೂ ಸೇರಬಹುದು, ಆದರೆ ಮುಗಿಯುವ ತಿಂಗಳನ್ನು ಹಾಳೆಯ ಮೇಲೆ ಬರೆದುಕೊಂಡು ಸೇರಬೇಕು.

ಪರಿಸ್ಥಿತಿ ಒಳ್ಳೆಯದಕ್ಕೆ ಬದಲಾದಾಗ ತಿದ್ದಲು ಜನ ಮರೆಯುತ್ತಾರೆ. ದಶಕಗಳ ಕಾಲ ಕಾಗದದ ಮೇಲಿದ್ದ ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು, ಹುಬ್ಬಳ್ಳಿಗೆ ನೇರ ಹೋಗಬಹುದು. ನಿತ್ಯ ಓಡಾಡುವ ದೂರವಲ್ಲ ಅದು. ಆದರೆ ತಿಂಗಳಿಗೆ ಒಂದೆರಡು ಸಲ ಹುಬ್ಬಳ್ಳಿಯಲ್ಲಿ ಕಲಿಯುವ ಕೆಲಸ ಇದ್ದರೆ, ಮೊದಲು ಆಗದು ಎಂದು ಬಿಟ್ಟ ಸಾಲನ್ನು ಮತ್ತೆ ಬರೆಯಬಹುದು.

ನಿಮ್ಮದೇ ತಾಲ್ಲೂಕಿನವರಾಗಿದ್ದ ಸಿದ್ಧಯ್ಯ ಪುರಾಣಿಕರ ನೆನಪಾಗುತ್ತದೆ. ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ ನಿಜಾಮ ಸರ್ಕಾರದ ನೌಕರಿಗೆ ಸೇರಿದರು. ಆ ಆಡಳಿತದ ಭಾಷೆ ಉರ್ದು. 1948ರ ಸೆಪ್ಟೆಂಬರ್‌ನಲ್ಲಿ ಆ ಸರ್ಕಾರವೇ ಹೋಯಿತು, 1956ರ ನವೆಂಬರ್‌ನಲ್ಲಿ ಕೊಪ್ಪಳ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಹತ್ತು ವರ್ಷದೊಳಗೆ ಮೇಲಿನ ಸರ್ಕಾರ ಎರಡು ಸಲ ಬದಲಾಯಿತು. ಅವರು ಐಎಎಸ್ ಅಧಿಕಾರಿಯಾಗಿ ಕರ್ನಾಟಕದಲ್ಲಿ ಕೆಲಸ ಮಾಡಿದರು, ಕನ್ನಡ ಕವಿಯಾಗಿಯೇ ಹೆಸರಾದರು, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರು ಇಂಥ ಹಾಳೆ ಬರೆದಿದ್ದರು ಎಂದು ನಾನು ಹೇಳುತ್ತಿಲ್ಲ. 1945ರಲ್ಲಿ ಯಾರಾದರೂ ಹುದ್ದೆಯ ಹೆಸರನ್ನೇ ಬರೆದು ಗೋಡೆಗೆ ಹಚ್ಚಿದ್ದರೆ 1955ಕ್ಕೆ ಆ ಹುದ್ದೆ ಕೊಡುವ ನಿಜಾಮ ಸರ್ಕಾರವೇ ಇರುತ್ತಿರಲಿಲ್ಲ, ಅಷ್ಟೇ.

ಯಾವಾಗ ತಿದ್ದುವುದು? ಕಂಬದ ಗುರುತು ಕಂಡಾಗ, ಮತ್ತು ವರ್ಷಕ್ಕೆ ಒಂದು ಸಲ. ನಿಮಗೆ ಡಿಸೆಂಬರ್ ಒಳ್ಳೆಯದು. ಬೇಸಿಗೆ ಬೆಳೆಗೆ ನೀರುಂಟೋ ಇಲ್ಲವೋ ಎನ್ನುವುದು ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ, ಮಾರ್ಚ್ ಕ್ಲೋಸಿಂಗ್‌ನ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ಫಲಿತಾಂಶ ಬಂದ ದಿನ, ಮಾಲೀಕರು ಬೈದ ದಿನ, ಗೆಳತಿಗೆ ನೌಕರಿ ಸಿಕ್ಕ ಸುದ್ದಿ ಬಂದ ದಿನ ಹಾಳೆಗೆ ಕೈ ಹಾಕಬೇಡಿ. ಅವತ್ತು ಬದಲಿಸಬೇಕೆನಿಸಿದ್ದನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟು ಹದಿನೈದು ದಿನದ ಮೇಲೆ ನೋಡಿ. ಆಗಲೂ ಅದೇ ಅನ್ನಿಸಿದರೆ ಹಾಳೆಗೆ ತನ್ನಿ.

ಹಳೆಯದನ್ನು ಹರಿಯಬೇಡಿ. ಹೋದ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಮತ್ತು ಕಾರಣ ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಉಳಿದ ಸಾಲುಗಳನ್ನು ಹೊಸ ಹಾಳೆಗೆ ಇಳಿಸಿ. ನೀವು ಲೆಕ್ಕ ಬರೆಯುವವರು, ರೋಜುಖಾತೆಯಲ್ಲಿ ತಪ್ಪಿದ್ದನ್ನು ಉಜ್ಜಿ ಅಳಿಸಬಾರದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೂರು ನಾಲ್ಕು ವರ್ಷದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಹಾಳೆಯಲ್ಲಿ ಕಾಣದ್ದು ಕಾಣುತ್ತದೆ. ಪ್ರತಿ ವರ್ಷವೂ ಕಾರಣದ ಜಾಗದಲ್ಲಿ ‘ಈ ಸಲ ಸರಿಯಾಗಿ ಓದಲಾಗಲಿಲ್ಲ’ ಎಂದೇ ಇದ್ದರೆ, ತಿದ್ದಬೇಕಾದದ್ದು ಅಧಿಸೂಚನೆಯ ಸಾಲನ್ನಲ್ಲ, ಬೆಳಗಿನ ಎರಡು ಗಂಟೆ ಓದು ಎನ್ನುವ ಸಾಲನ್ನು. ದಾರಿ ಮೇಲೆ ದಾರಿ ಬದಲಿಸಿದ್ದೀರಿ, ಸಿಕ್ಕ ಕೆಲಸವನ್ನೂ ಏನೋ ನೆಪ ಹೇಳಿ ಬಿಟ್ಟಿದ್ದೀರಿ ಎಂದು ಕಂಡರೆ, ಮೇಲಿನ ಚಿತ್ರವೇ ನಿಮ್ಮದಲ್ಲದಿರಬಹುದು. ನಾಲ್ಕನೇ ಕಂಬವನ್ನು ಅದಕ್ಕೇ ಹಾಕಿದ್ದು. ಆಗ ಮಾತ್ರ ಹೊಸ ಬಿಳಿ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆಯಿರಿ.

ಇನ್ನು ಎಷ್ಟು ಅಟೆಂಪ್ಟ್ ಎನ್ನುವುದು. ನೇಮಕಾತಿಯ ಮೂಲ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40 ಎಂದು ಇತ್ತು. ನೇಮಕಾತಿ ತಡವಾದಾಗ ಸರ್ಕಾರ ಒಂದಷ್ಟು ವರ್ಷ ಸಡಿಲಿಸಿದ್ದೂ ಇದೆ. ಅರ್ಜಿ ಹಾಕುವಾಗ ಆಯಾ ಅಧಿಸೂಚನೆ ಹೇಳುವುದೇ ಲೆಕ್ಕ. ಈ ಅಂಕಿ ನೋಡಿ ‘ಇನ್ನೂ ಹತ್ತು ವರ್ಷ ಇದೆ’ ಎಂದುಕೊಂಡವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಸರ್ಕಾರ ಹಾಕಿದ ಮಿತಿ ಅರ್ಜಿಗೆ, ನಿಮ್ಮ ಬದುಕಿಗೆ ಮಿತಿ ನೀವೇ ಹಾಕಬೇಕು. ಬೇರೆ ಕೆಲಸ ಬಿಟ್ಟು ಪೂರ್ತಿ ಓದಿಗೆ ಕೂರುವುದನ್ನು ಇನ್ನು ಮಾಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಎಂಟು ವರ್ಷಕ್ಕೆ ಒಮ್ಮೆ ತೆರೆದ ಬಾಗಿಲಿನ ಮುಂದೆ ಕೆಲಸ ಮಾಡುತ್ತಲೇ ನಿಲ್ಲಬಹುದು. ಒಂದು ಕಾಗದ ಮಾತ್ರ ಇಂದೇ ಸಿದ್ಧವಿರಲಿ: 371(ಜೆ) ಅಡಿಯ ಸ್ಥಳೀಯ ಅರ್ಹತಾ ಪ್ರಮಾಣಪತ್ರ. ನಮ್ಮ ಭಾಗದ ಕಚೇರಿಗಳ ಹುದ್ದೆಗಳಲ್ಲಿ ಗ್ರೂಪ್ ‘ಸಿ’ಯಲ್ಲಿ ಶೇಕಡಾ 80 ಸ್ಥಳೀಯರಿಗೆ. ನಿಮ್ಮ ಹತ್ತಿರ ಅದು ಆಗಲೇ ಇರಬಹುದು, ಇದ್ದರೆ ಹೆಸರು, ತಂದೆಯ ಹೆಸರು ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ನೋಡಿಕೊಳ್ಳಿ.

ಕೊನೆಯ ಪ್ರಶ್ನೆ, ಮನೆಯವರಿಗೆ ತೋರಿಸಬೇಕೇ? ಇಡೀ ಹಾಳೆಯನ್ನು ತೋರಿಸಬೇಕಾಗಿಲ್ಲ. ತೋರಿಸುವುದಕ್ಕೆಂದು ಬರೆದ ಹಾಳೆಯಲ್ಲಿ ನಾಲ್ಕನೇ ಕಂಬ ಯಾವತ್ತೂ ಬರುವುದಿಲ್ಲ. ಆದರೆ ‘ಬಿಡಲಾಗದ್ದು’ ಎಂಬ ಭಾಗವನ್ನು ಅಪ್ಪನಿಗೆ ಓದಿ ಹೇಳಿ, ಅವ್ವನಿಗೂ ಹೇಳಿ, ಮಾತುಕತೆಗೆ ಕುಷ್ಟಗಿಯವರು ಬರುವ ಮೊದಲೇ ಹೇಳಿ. ಬಂದವರು ‘ಮದ್ವಿ ಆದಮ್ಯಾಗ ನೋಡೋಣ ಬಿಡ್ರಿ’ ಎಂದರೆ ಅದು ಉತ್ತರವಲ್ಲ ಎಂದು ನಿಮ್ಮ ಹಾಳೆಯಲ್ಲಿ ಆಗಲೇ ಬರೆದಿದೆ. ಅಪ್ಪನಿಗೂ ಅದು ಗೊತ್ತಿದ್ದರೆ, ಅವತ್ತು ಆ ಮಾತನ್ನು ಎತ್ತುವ ಹೊಣೆ ನಿಮ್ಮೊಬ್ಬರ ಮೇಲೆ ಬೀಳುವುದಿಲ್ಲ.